ಎಣ್ಣೆ ಜಿಡ್ಡಿನ ತಕರಾರು

ನಮ್ಮ ಉಜ್ಜಿನಿಯಲ್ಲಿ ವರ್ಷಕ್ಕೊಮ್ಮೆ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ನೆತ್ತಿಯಿಂದ ಎಣ್ಣೆ ಹೊಯ್ಯುತ್ತಾರೆ. ಮೊದಲ ಎಣ್ಣೆ ಜರಿಮಲೆ ಪಾಳೆಗಾರರ ಮನೆತನದಿಂದ ಬರಬೇಕೆಂಬುದು ಹಳೆಯ ಪದ್ಧತಿ. ಕಲ್ಲಿನ ಗೋಪುರ ಎಣ್ಣೆ ಕುಡಿದು ಫಳಫಳ ಹೊಳೆಯುವುದನ್ನು ನೋಡಲು ಜನ ಜಾತ್ರೆ ನೆರೆಯುತ್ತದೆ. ಅಂಥ ಊರಲ್ಲಿ, ನನ್ನ ದೇವರ ಗೂಡಿನ ಗೋಡೆಗೆ ಅಂಗೈಯಗಲ ಎಣ್ಣೆ ಜಿಡ್ಡು ಹಿಡಿದಿದ್ದಕ್ಕೆ ನನಗೆ ಬಿದ್ದ ದಂಡ 4,500 ರೂಪಾಯಿ.

ಮೂರು ವರ್ಷ ಆ ಬಾಡಿಗೆ ಮನೆಯಲ್ಲಿದ್ದೆ. ಬಾಡಿಗೆ 3,000, ಅಡ್ವಾನ್ಸ್ 30,000. 2025ರಲ್ಲಿ ಹಡಗಲಿ ಕಡೆ ವರ್ಗವಾಯಿತು. ಸಾಮಾನು ಲಾರಿಗೇರಿಸಿ ಕೀ ಕೊಡಲು ಹೋದಾಗ ಮಾಲೀಕರು ಮನೆ ನೋಡಲು ಬಂದರು. 'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎನ್ನುವ ಮಾತಿದೆಯಲ್ಲ, ಅದು ಗುಡಿಯ ಒಳಗಿನ ಕೆತ್ತನೆಯ ಬಗ್ಗೆ ಹುಟ್ಟಿದ ಮಾತು. ಅವರು ಅದನ್ನು ಬಾಡಿಗೆ ಮನೆಗೂ ಅನ್ವಯಿಸಿದರು. ಟಾರ್ಚ್ ಹಿಡಿದು ಒಳಗೆಲ್ಲಾ ನೋಡಿದರು. ಆಮೇಲೆ ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಲೆಕ್ಕ ಬರೆದರು.

ಪೂರಾ ಮನೆಗೆ ಬಣ್ಣ 12,000. ಎಣ್ಣೆ ಜಿಡ್ಡು 4,500. ಮೊಳೆ ಹನ್ನೊಂದು, ಒಂದಕ್ಕೆ ನೂರರಂತೆ 1,100. ಬಚ್ಚಲ ನಲ್ಲಿ 900. ಕರೆಂಟ್ ಬಾಕಿ 640. ಕಡೆಗೆ 'ಮೇಲುಸ್ತುವಾರಿ' 2,000.

"ಮೇಲುಸ್ತುವಾರಿ ಅಂದ್ರ ಏನ್ರಿ?" ಎಂದೆ.

"ಬಣ್ಣ ಹಚ್ಚೋರ ಮುಂದ ನಾನು ನಿಂದರಬೇಕಲ್ರಿ ಮೇಷ್ಟ್ರೇ."

21,140 ಹಿಡಿದುಕೊಂಡು 8,860 ಕೈಗಿಟ್ಟರು. ನಿಲ್ಲುವುದಕ್ಕೆ ಎರಡು ಸಾವಿರ ಎಂದಾದರೆ, ಇಪ್ಪತ್ತೆರಡು ವರ್ಷ ಬೋರ್ಡಿನ ಮುಂದೆ ನಿಂತವನಿಗೆ ಸರ್ಕಾರ ಎಷ್ಟು ಬಾಕಿ ಇಟ್ಟುಕೊಂಡಿರಬೇಕು ಎಂದು ಲೆಕ್ಕ ಹಾಕುತ್ತಾ ಲಾರಿ ಹತ್ತಿದೆ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ನಾನೇ ನೋಟಿಸು ಬರೆದೆ, ನಾಲ್ಕು ಪುಟ. ಮೊದಲ ಪುಟದಲ್ಲಿ ಮರುಳಸಿದ್ಧನ ಕೋಪ, ಎರಡನೆಯದರಲ್ಲಿ ಮಾಲೀಕರ ವಂಶದ ಪರಿಚಯ, ಮೂರನೆಯದರಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಕೊನೆಗೆ ನಾನೂರಿಪ್ಪತ್ತು ಕೇಸು. ಅದನ್ನು ಹಿಡಿದುಕೊಂಡು ಕೂಡ್ಲಿಗಿಯ ಪರಿಚಯದ ವಕೀಲರ ಬಳಿ ಹೋದೆ. ಅವರು ಓದಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡರು. ದುಃಖಕ್ಕಲ್ಲ.

"ಮೇಷ್ಟ್ರೇ, ನಾನೂರಿಪ್ಪತ್ತು ಈಗಿಲ್ಲ. 2024ರ ಜುಲೈ ಒಂದರಿಂದ ಅದು ಭಾರತೀಯ ನ್ಯಾಯ ಸಂಹಿತೆಯೊಳಗ 318 ಆಗೇತಿ. ಇದ್ದಿದ್ರೂ ನಿಮ್ಮದು ಅದಲ್ಲ. ಅಡ್ವಾನ್ಸ್ ಇಸ್ಗೊಳ್ಳೋವಾಗ್ಲೇ ಮೋಸದ ಮನಸ್ಸಿತ್ತು ಅಂತ ತೋರಿಸಬೇಕಾಕ್ಕತಿ. ಅವಾಗ ಅವ್ರು ನಿಮಗ ಚಾ ಕುಡಿಸಿದ್ರು. ಇದು ಸಿವಿಲ್."

ಒಂದು ಜೀವಮಾನ ಬೈಗುಳವಾಗಿ ಬಳಸಿದ ಸಂಖ್ಯೆ ಹೀಗೆ ಕೈತಪ್ಪಿತಲ್ಲ ಎಂದು ನನಗೆ ಅಡ್ವಾನ್ಸಿಗಿಂತ ಅದರದೇ ಚಿಂತೆಯಾಯಿತು. 'ಮುನ್ನೂರ ಹದಿನೆಂಟು ಮನುಷ್ಯ' ಎಂದರೆ ಯಾರಿಗೆ ಏನು ಗೊತ್ತಾಗುತ್ತದೆ?

ವಕೀಲರು ಕೇಳಿದ್ದು ಮೂರೇ. ಕರಾರು ಪತ್ರ ಎಲ್ಲಿ, ಅಡ್ವಾನ್ಸ್ ಕೊಟ್ಟದ್ದಕ್ಕೆ ಏನು ಗುರುತು, ಕೀ ಕೊಟ್ಟದ್ದಕ್ಕೆ ಏನು ಗುರುತು. ಹನ್ನೊಂದು ತಿಂಗಳ ಕರಾರು ಇತ್ತು. ಮೇಲಿನ ಎರಡು ವರ್ಷ ಬಾಯಿಮಾತಿನಲ್ಲೇ ನಡೆದಿತ್ತು. ಅಡ್ವಾನ್ಸ್ ಬ್ಯಾಂಕಿನಿಂದ ಹೋಗಿತ್ತು. ಕೀ ವಿಷಯಕ್ಕೆ ಬಂದಾಗ ನಾಲಿಗೆ ಒಣಗಿತು. ಬರಹದಲ್ಲಿ ಏನೂ ತೆಗೆದುಕೊಂಡಿರಲಿಲ್ಲ. ಪುಣ್ಯಕ್ಕೆ ಆ ಸಂಜೆ ವಾಟ್ಸಾಪಿನಲ್ಲಿ 'ಕೀ ಕೊಟ್ಟಿದ್ದೇನೆ, ಮನೆ ಖಾಲಿ' ಎಂದು ಹಾಕಿದ್ದೆ. ಅದಕ್ಕೆ ಮಾಲೀಕರು ಹೆಬ್ಬೆರಳಿನ ಚಿತ್ರ ಒತ್ತಿದ್ದರು. "ನಮ್ಮಜ್ಜಾರ ಕಾಲಕ್ಕ ಮಸಿ ಹಚ್ಚಿ ಒತ್ತತಿದ್ರು, ಈಗ ಮಸಿ ಬೇಕಾಗಿಲ್ಲ" ಎಂದರು ವಕೀಲರು. ಆ ಸಂದೇಶ ಅಳಿಸಬಾರದು, ಫೋನೂ ಬದಲಿಸಬಾರದು ಎಂದು ತಾಕೀತು ಮಾಡಿದರು.

ಆಮೇಲೆ ಕ್ಯಾಲೆಂಡರ್ ಹಾಳೆಗೆ ಬಂದರು. "ನಲ್ಲಿ ಯಾರು ಮುರಿದ್ರು?" ಮಗ, ಎಂದೆ. "ಕರೆಂಟ್ ಬಾಕಿ?" ಇತ್ತು, ಎಂದೆ. "ಹಂಗಾದ್ರ 1,540 ನಿಮ್ಮದು. ಒಪ್ಪಿಕೊಂಡು ಬರೀರಿ." ನನಗೆ ಸಿಟ್ಟು ಬಂತು, ಹಣ ಕೇಳಲು ಹೋದವನು ಹಣ ಒಪ್ಪಿಕೊಳ್ಳುವುದೇ? ಆದರೆ ಅವರ ಲೆಕ್ಕ ಬೇರೆ. ಕೊಡಬೇಕಾದ್ದನ್ನು ತಾನೇ ಕಳೆದು ಕೇಳಿದವನ ಉಳಿದ ಲೆಕ್ಕವನ್ನು ಜಡ್ಜು ನಂಬುತ್ತಾರೆ. ಪೂರ್ತಿ ಕೇಳಿದರೆ ನಲ್ಲಿಯ ವಾದದಲ್ಲೇ ಎರಡು ವಾಯ್ದೆ ಹೋಗುತ್ತವೆ. ಹೀಗೆ ಕೇಳಬೇಕಾದ ಮೊತ್ತ 19,600 ಆಯಿತು.

ಬಣ್ಣ, ಮೊಳೆ, ಜಿಡ್ಡಿಗೆ ಅವರು ತೆಗೆದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ಬಾಡಿಗೆದಾರ ಮನೆಯನ್ನು ಮೊದಲಿದ್ದ ಹಾಗೇ ಒಪ್ಪಿಸಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವಕಳಿ ಅವನ ತಲೆಗೆ ಬರುವುದಿಲ್ಲ ಎನ್ನುತ್ತದೆ ಅದು. ಮೂರು ವರ್ಷದಲ್ಲಿ ಸುಣ್ಣ ಮಾಸುವುದು ಸವಕಳಿ. ಕ್ಯಾಲೆಂಡರಿಗೆ ಮೊಳೆ ಹೊಡೆಯುವುದೂ ಅದೇ; ಗಿಲಾವು ಕಿತ್ತು ಇಟ್ಟಿಗೆ ಕಂಡರೆ ಅದು ಹಾನಿ. ದೇವರ ಗೂಡಿನ ಮುಂದೆ ದೀಪ ಹಚ್ಚಿದರೆ ಜಿಡ್ಡು ಹಿಡಿಯದೆ ಇನ್ನೇನು ಹಿಡಿದೀತು, ಗೂಡು ಕಟ್ಟಿಸಿದವರೂ ಮಾಲೀಕರೇ. ಆದರೆ ಒಂದು ಮಾತು ಹೇಳಿದರು: 'ಬಿಡುವಾಗ ಬಣ್ಣದ ಖರ್ಚು ಬಾಡಿಗೆದಾರನದು' ಎಂಬ ಸಾಲು ಕರಾರಿನಲ್ಲಿ ಇದ್ದಿದ್ದರೆ ಬಣ್ಣದ ಮಟ್ಟಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬೆಂಗಳೂರಿನ ಕರಾರುಗಳಲ್ಲಿ ಆ ಸಾಲು ಸಾಮಾನ್ಯ. ನಮ್ಮದರಲ್ಲಿ ಟೈಪ್ ಮಾಡುವವನು ಮರೆತಿದ್ದ. ಅವನಿಗೆ ಒಳ್ಳೆಯದಾಗಲಿ.

ಬಡ್ಡಿಗೂ ಕತ್ತರಿ ಬಿತ್ತು. ಇಂಥ ಹಣದ ದಾವೆಗೆ ಮೊದಲು ನೋಟಿಸು ಕೊಡಲೇಬೇಕೆಂಬ ಕಾನೂನಿಲ್ಲವಂತೆ. ಆದರೂ ಕೊಡುವುದೇಕೆಂದರೆ, ಕರಾರಿನಲ್ಲಿ ಬಡ್ಡಿಯ ಮಾತಿಲ್ಲದಿದ್ದಾಗ 1978ರ ಬಡ್ಡಿ ಕಾಯ್ದೆಯ ಪ್ರಕಾರ ಬರಹದಲ್ಲಿ ಬಡ್ಡಿ ಕೇಳಿದರೆ ಆ ನೋಟಿಸಿನಲ್ಲಿ ಹೇಳಿದ ದಿನದಿಂದ ಕೋರ್ಟು ಬಡ್ಡಿ ಕೊಡಿಸಬಹುದು, ಅದೂ ಬ್ಯಾಂಕ್ ಠೇವಣಿಯ ದರದ ಆಸುಪಾಸಿನಲ್ಲಿ. ಶೇಕಡಾ ಏಳರಂತೆ ಹದಿನೈದು ದಿನಕ್ಕೆ ಎಷ್ಟಾಗುತ್ತದೆ ಎಂದು ಕೂತಲ್ಲೇ ಲೆಕ್ಕ ಹಾಕಿದೆ: 56 ರೂಪಾಯಿ. ಕೂಡ್ಲಿಗಿಗೆ ಹೋಗಿ ಬಂದ ಬಸ್ ಚಾರ್ಜಿಗೂ ಸಾಲದು.

ನನ್ನ ನಾಲ್ಕು ಪುಟ ಒಂದೂವರೆ ಪುಟವಾಯಿತು. ಒಳಬಂದ ದಿನ, ಬಿಟ್ಟ ದಿನ, ಕೊಟ್ಟದ್ದು, ಬಂದದ್ದು, ಒಪ್ಪಿದ್ದು, ಬರಬೇಕಾದ್ದು, ಹದಿನೈದು ದಿನದ ಗಡುವು. ಮರುಳಸಿದ್ಧ ಎಲ್ಲೂ ಇರಲಿಲ್ಲ. ವಕೀಲರ ಫೀಸು 1,500. ರಿಜಿಸ್ಟರ್ಡ್ ಎ.ಡಿ.ಯಲ್ಲಿ ಹಾಕಿ, ಪ್ರತಿಯನ್ನು ವಾಟ್ಸಾಪಿಗೂ ಕಳಿಸಿದೆವು. (ಆ ರಿಜಿಸ್ಟರ್ಡ್ ಅಂಚೆಯೂ ಅದೇ ವರ್ಷದ ಸೆಪ್ಟೆಂಬರ್ ಒಂದರಿಂದ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ನಾನು ಮುಟ್ಟಿದ್ದೆಲ್ಲ ಹೀಗೇ.)

ವಾರಕ್ಕೆ ಲಕೋಟೆ ವಾಪಸು ಬಂತು, 'ನಿರಾಕರಿಸಿದ್ದಾರೆ' ಎಂಬ ಷರಾದೊಂದಿಗೆ. ನಾನು ಕಂಗಾಲಾದೆ, ವಕೀಲರು ಖುಷಿಯಾದರು. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ್ದನ್ನು ಬೇಡವೆಂದರೆ ಮುಟ್ಟಿದಂತೆಯೇ ಲೆಕ್ಕ, ಇದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಂ. "ಲಕೋಟಿ ಮಾತ್ರ ಒಡೀಬ್ಯಾಡ್ರಿ, ಅಂಟಿಸಿದ್ದು ಅಂಟಿಸಿದಂಗ ಕೋರ್ಟಿನಾಗ ಒಡೀಬೇಕು." ಹಣ ಬರದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಹಾಕಿ ಲೋಕ ಅದಾಲತ್‌ಗೆ ಕರೆಸೋಣ ಎಂದರು, ದಾವೆಗೆ ಮೂರು ವರ್ಷ ಅವಕಾಶವಿದೆ, ಆದರೆ ಇಷ್ಟು ಹಣಕ್ಕೆ ದಾವೆ ಹೂಡುವುದು ಅವರಿಗೇ ಇಷ್ಟವಿರಲಿಲ್ಲ.

ಹದಿಮೂರನೇ ದಿನ ಮಾಲೀಕರ ಫೋನು. "ಏನ್ರಿ ಮೇಷ್ಟ್ರೇ, ಮನೀ ಮಂದಿಗೆ ನೋಟಿಸ್ ಕೊಡ್ತಾರೇನ್ರಿ? ಅದೂ 1,540 ನಿಮ್ಮದು ಅಂತ ಒಪ್ಪಿ ಬರದೀರಿ, ದೊಡ್ಡ ಮನುಷ್ಯರು ನೀವು." ಅಂಚೆಯಲ್ಲಿ ಬೇಡವೆಂದ ನೋಟಿಸನ್ನು ಅವರು ಸಾಲು ಬಿಡದೆ ಓದಿದ್ದರು. ಸಂಜೆ ಖಾತೆಗೆ 19,600 ಬಂತು. ಬಡ್ಡಿ ನಾನೂ ಕೇಳಲಿಲ್ಲ.

ಲಕೋಟೆ ಇನ್ನೂ ಒಡೆದಿಲ್ಲ, ಬೀರುವಿನಲ್ಲಿದೆ. ಹಡಗಲಿಯ ಮನೆಗೆ ಬಂದ ದಿನ ಖಾಲಿ ಗೋಡೆಗಳ ಫೋಟೋ ತೆಗೆದು ಹೊಸ ಮಾಲೀಕರಿಗೆ ಕಳಿಸಿದೆ. ದೇವರ ಗೂಡಿನ ಹಿಂದೆ ಒಂದು ಟೈಲ್ಸ್ ಅಂಟಿಸಿದ್ದೇನೆ. ಅವರನ್ನು ಕೇಳಿಯೇ, ಅದೂ ಬರಹದಲ್ಲಿ.