ಇಡಿಗಂಟಿನ ಬಜೆಟ್ ಬರೆಯುವ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಸೀಮೆಯ ಕನ್ನಡ ಸಂಘಟನೆಗಳ ಸಮಿತಿಯ ಬಂಧುಗಳಿಗೆ,

ನಮ್ಮ ಹಿರಿಯರ ಮೌಖಿಕ ಇತಿಹಾಸವನ್ನು ದಾಖಲಿಸಬೇಕು ಎಂಬ ಮಾತು ನಮ್ಮ ನಡುವೆ ಮತ್ತೆ ಮತ್ತೆ ಬರುತ್ತಿದೆ. 1965ರ ವಲಸೆ ಕಾಯ್ದೆಯ ನಂತರ ಬಂದ ಮೊದಲ ತಲೆಮಾರಿನವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮಾತು ಅವರಿರುವಾಗಲೇ ದಾಖಲಾಗಬೇಕು. ಅದಕ್ಕಾಗಿ ಅನುದಾನದ ಅರ್ಜಿಗಳನ್ನು ಸಿದ್ಧಪಡಿಸುವವರಿಗೆ ಬಜೆಟ್‌ನ ಒಂದೇ ಒಂದು ಸಾಲಿನ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಲಾಭೋದ್ದೇಶವಿಲ್ಲದ ಸಂಸ್ಥೆಗಳಿಗೆ ಬಜೆಟ್ ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಕರಡುಗಳು ನನ್ನ ಕೈಗೆ ಬರುತ್ತಿರುತ್ತವೆ. ಆ ಸಾಲು ಹೆಚ್ಚಾಗಿ ಹೀಗಿರುತ್ತದೆ: ‘ತಜ್ಞರು ಮತ್ತು ಸಲಹೆಗಾರರು, ಇಡಿಗಂಟು, 10,000 ಡಾಲರ್.’

ಈ ಹತ್ತು ಸಾವಿರ ಎಲ್ಲಿಂದ ಬಂತು ಎಂದು ಕೇಳಿದರೆ, ಅನುದಾನದಲ್ಲಿ ಉಳಿದ ಖರ್ಚು ಕಳೆದ ಮೇಲೆ ಮಿಕ್ಕಿದ್ದು ಅಷ್ಟು ಎಂಬ ಉತ್ತರ ಬರುತ್ತದೆ. ಲೆಕ್ಕ ಅಲ್ಲಿಂದ ಶುರುವಾಗಬಾರದು. ಯೋಜನೆ ಮುಗಿದಾಗ ನಮ್ಮ ಕೈಗೆ ಏನೇನು ಬರಬೇಕು ಎಂಬುದರಿಂದ ಶುರುವಾಗಬೇಕು. ಒಂದೊಂದಕ್ಕೂ ಎಷ್ಟು ಮಾನವ ದಿನ ಬೇಕು ಎಂಬುದು ಎರಡನೆಯ ಪ್ರಶ್ನೆ. ದಿನಕ್ಕೆ ಎಷ್ಟು ಕೊಡಬೇಕು ಎಂಬುದು ಕೊನೆಯದು. ಈ ಕ್ರಮ ತಲೆಕೆಳಗಾದರೆ ಮುಂದಿನದೆಲ್ಲ ತಪ್ಪುತ್ತದೆ.

ಒಂದು ಯೋಜನೆಯನ್ನೇ ಇಟ್ಟುಕೊಂಡು ನೋಡೋಣ. 20 ಹಿರಿಯರ ಸಂದರ್ಶನ, ಒಂದೊಂದೂ ಒಂದೂವರೆ ಗಂಟೆ. ಹನ್ನೆರಡು ಮಂದಿ ಸೆರಿಟೋಸ್, ಅರ್ವೈನ್ ಕಡೆಯವರು, ಎಂಟು ಮಂದಿ ಸ್ಯಾನ್ ಡಿಯೇಗೊದವರು. ಕೊನೆಗೆ ಕೈಗೆ ಬರಬೇಕಾದದ್ದು ಮೂರು: 30 ಗಂಟೆಯ ಧ್ವನಿಮುದ್ರಣ, ಅದರ ಪೂರ್ಣ ಕನ್ನಡ ಲಿಪ್ಯಂತರ, ಪ್ರತಿ ಸಂದರ್ಶನಕ್ಕೊಂದು ಇಂಗ್ಲಿಷ್ ಸಾರಾಂಶ.

ಮೊದಲು ಸಂದರ್ಶನ ಮಾಡುವ ತಜ್ಞರನ್ನು ನೋಡಿ. ಪ್ರಶ್ನಾವಳಿ, ಒಪ್ಪಿಗೆ ಪತ್ರ, ಸ್ವಯಂಸೇವಕರ ತರಬೇತಿಗೆ ನಾಲ್ಕು ದಿನ. ಪ್ರತಿ ಸಂದರ್ಶನಕ್ಕೆ ಮುಂಚೆ ಫೋನಿನಲ್ಲಿ ಮಾತಾಡಿ, ಊರು, ಓದು, ಕೆಲಸದ ವಿವರ ತಿಳಿದು ಸಿದ್ಧವಾಗಲು ಅರ್ಧ ದಿನ. ಮನೆಗೆ ಹೋಗಿ, ಉಪಕರಣ ಹೊಂದಿಸಿ, ಕಾಫಿ ಕುಡಿದು, ಮಾತಾಡಿಸಿ, ಎತ್ತಿಟ್ಟು ಹೊರಡಲು ಇನ್ನರ್ಧ ದಿನ. ಹಾಗಾಗಿ 20 ಸಂದರ್ಶನಕ್ಕೆ 20 ದಿನ. ಸಿದ್ಧವಾದ ಲಿಪ್ಯಂತರವನ್ನು ಧ್ವನಿಯೊಂದಿಗೆ ಇಟ್ಟು ಪರಿಶೀಲಿಸಲು ಒಟ್ಟು ಎಂಟು ದಿನ. ತಜ್ಞರ ಮನೆ ಲಾಸ್ ಏಂಜಲೀಸ್‌ನಲ್ಲಿದ್ದರೆ ಇನ್ನೊಂದು ಲೆಕ್ಕವಿದೆ. ಸ್ಯಾನ್ ಡಿಯೇಗೊ ಸುಮಾರು 120 ಮೈಲಿ. ಐ-5ರಲ್ಲಿ ಹೋಗಿ ಬರಲು ಟ್ರಾಫಿಕ್ ಇಲ್ಲದಿದ್ದರೂ ನಾಲ್ಕು ಗಂಟೆ ಹಿಡಿಯುತ್ತದೆ. ಒಂದು ಪ್ರಯಾಣಕ್ಕೆ ಎರಡು ಸಂದರ್ಶನದಂತೆ ನಾಲ್ಕು ಪ್ರಯಾಣ, ತಲಾ ಅರ್ಧ ದಿನ, ಒಟ್ಟು ಎರಡು ದಿನ. ನಾನು ಕಂಡ ಕರಡುಗಳಲ್ಲಿ ಪೆಟ್ರೋಲಿನ ದುಡ್ಡು ಇರುತ್ತದೆ, ಈ ಎರಡು ದಿನ ಇರುವುದಿಲ್ಲ. ಎಲ್ಲ ಸೇರಿ 34 ದಿನ.

ಲಿಪ್ಯಂತರದ ಅಂದಾಜು ಎಲ್ಲಕ್ಕಿಂತ ಹೆಚ್ಚು ತಪ್ಪುತ್ತದೆ. ಶುದ್ಧವಾದ ಧ್ವನಿಯಲ್ಲಿ ಒಬ್ಬರೇ ನಿಧಾನವಾಗಿ ಮಾತಾಡಿದರೂ, ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಅನುಭವಿಗಳಿಗೆ ನಾಲ್ಕರಿಂದ ಆರು ಗಂಟೆ ಬೇಕು. ನಮ್ಮ ಹಿರಿಯರ ಮಾತು ಹಾಗಿರುವುದಿಲ್ಲ. ‘ಗ್ರಾಡ್ ಸ್ಕೂಲಿಗೆ ಅಂತ ಬಂದಾಗ ನನ್ ಹತ್ರ ಎಂಟೇ ಡಾಲರ್ ಇದ್ದದ್ದು, ಅಡ್ವೈಸರ್ರು ಏರ್‌ಪೋರ್ಟಿಗೆ ಬಂದಿದ್ರು’ ಎನ್ನುತ್ತಾ ಮಾತು ಕನ್ನಡ, ಇಂಗ್ಲಿಷ್ ಎರಡರಲ್ಲೂ ಓಡುತ್ತದೆ. ಒಬ್ಬರದು ಧಾರವಾಡದ ಕನ್ನಡ, ಇನ್ನೊಬ್ಬರದು ಕುಂದಾಪುರದ್ದು. ನಡುವೆ ಹಳ್ಳಿಗಳ ಹೆಸರು, ಅರವತ್ತು ವರ್ಷ ಹಿಂದಿನ ಮೇಷ್ಟರ ಹೆಸರು, ಒಳಗಿಂದ ಮನೆಯವರು ಸೇರಿಸುವ ತಿದ್ದುಪಡಿ. ಬರೆಯುವವರು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಬೇಕು. ಇಂಥ ಧ್ವನಿಗೆ ಗಂಟೆಗೆ ಎಂಟು ಗಂಟೆ ಹಾಕುವುದೇ ಸರಿ. 30 ಗಂಟೆಗೆ 240 ಗಂಟೆ, ಅಂದರೆ 30 ದಿನ. ಇಂಗ್ಲಿಷ್ ಸಾರಾಂಶಕ್ಕೆ ಒಂದಕ್ಕೆ ಮೂರು ಗಂಟೆಯ ಚಿಲ್ಲರೆಯಂತೆ ಎಂಟು ದಿನ.

ಮೂವರದೂ ಸೇರಿ 72 ಮಾನವ ದಿನ. ಈಗ ಆ ಹತ್ತು ಸಾವಿರವನ್ನು ಇದರಿಂದ ಭಾಗಿಸಿ ನೋಡಿ. ದಿನಕ್ಕೆ 139 ಡಾಲರ್, ಗಂಟೆಗೆ 17 ಡಾಲರ್ 36 ಸೆಂಟ್. 2025ರ ಜುಲೈ 1ರಿಂದ ಲಾಸ್ ಏಂಜಲೀಸ್ ನಗರದಲ್ಲಿ ಜಾರಿಯಾದ ಕನಿಷ್ಠ ವೇತನ ಗಂಟೆಗೆ 17 ಡಾಲರ್ 87 ಸೆಂಟ್. ತಜ್ಞರೆಂದು ಹೆಸರಿಟ್ಟು, ಅದೇ ಊರಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವರಿಗೆ ಕಾನೂನು ಕೊಡಿಸುವುದಕ್ಕಿಂತ ಕಡಿಮೆ ಕೊಡಲು ಹೊರಟಿದ್ದೇವೆ. ಅಷ್ಟೇ ಅಲ್ಲ, ಸ್ವತಂತ್ರವಾಗಿ ದುಡಿಯುವವರು ಆ ಹಣದಲ್ಲೇ ಶೇ. 15.3ರ ಸ್ವ-ಉದ್ಯೋಗ ತೆರಿಗೆಯನ್ನೂ ಕಟ್ಟಬೇಕು, ಕಾರಿನ ಖರ್ಚನ್ನೂ ತೂಗಿಸಬೇಕು. ಯಾರಿಗೂ ಅನ್ಯಾಯ ಮಾಡುವ ಉದ್ದೇಶ ಇರಲಿಲ್ಲ ಎಂದು ನಾನು ಬಲ್ಲೆ. ದಿನಗಳನ್ನು ಎಣಿಸದೆ ಇದ್ದುದರಿಂದ ಅನ್ಯಾಯ ಕಣ್ಣಿಗೆ ಬೀಳಲಿಲ್ಲ.

ಹಾಗಾದರೆ ನ್ಯಾಯವಾದ ದರ ಯಾವುದು? ಇಲ್ಲೂ ಒಂದು ತಪ್ಪು ಸಾಮಾನ್ಯ. ಇಂಥ ಕೆಲಸಕ್ಕೆ ನೌಕರಿಯಲ್ಲಿ ವರ್ಷಕ್ಕೆ 70,000 ಡಾಲರ್ ಸಿಗುತ್ತದೆ ಎಂದಿಟ್ಟುಕೊಳ್ಳಿ. ವರ್ಷದ 260 ಕೆಲಸದ ದಿನಗಳಿಂದ ಭಾಗಿಸಿ 269 ಡಾಲರ್ ಎಂದು ಬರೆದುಬಿಡುತ್ತಾರೆ. ಆದರೆ ಸ್ವತಂತ್ರರಿಗೆ ಆರೋಗ್ಯ ವಿಮೆ, ನಿವೃತ್ತಿಯ ಉಳಿತಾಯ, ಉದ್ಯೋಗದಾತರ ಪಾಲಿನ ತೆರಿಗೆ, ರೆಕಾರ್ಡರು, ಮೈಕು ಎಲ್ಲವೂ ಸ್ವಂತ ಖರ್ಚು. ಅದಕ್ಕೆ ಶೇ. 30 ಸೇರಿಸಿದರೆ 91,000 ಆಗುತ್ತದೆ. ಇನ್ನು ದಿನಗಳು. 260ರಲ್ಲಿ ಸರ್ಕಾರಿ ರಜೆ 11, ಸ್ವಂತ ರಜೆ 15, ಕಾಯಿಲೆಗೆ 6 ಕಳೆದರೆ 228. ಅದರಲ್ಲೂ ಕೆಲಸ ಹುಡುಕಲು, ಅಂದಾಜು ಬರೆಯಲು, ಬಿಲ್ಲು ಕಳಿಸಲು, ಲೆಕ್ಕ ಇಡಲು ಹೋಗುವ ದಿನಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ. ಬಿಲ್ಲಿಗೆ ಸಿಗುವುದು ಸುಮಾರು 180 ದಿನ. 91,000ವನ್ನು 180ರಿಂದ ಭಾಗಿಸಿದರೆ ಹೆಚ್ಚುಕಡಿಮೆ 500 ಡಾಲರ್. ಇದು ದುಬಾರಿ ಎನ್ನಿಸಿದರೆ ಇನ್ನೊಂದು ಅಳತೆಯಿಂದಲೂ ನೋಡಿ. ಅಮೆರಿಕದ ನ್ಯಾಯ ಇಲಾಖೆಯ ಅನುದಾನಗಳಲ್ಲಿ ಸಲಹೆಗಾರರ ದರ ದಿನಕ್ಕೆ 650 ಡಾಲರ್ ಮೀರಿದರೆ ಮಾತ್ರ ಮುಂಚಿತ ಅನುಮತಿ ಬೇಕು.

ಅದೇ ರೀತಿ ಲಿಪ್ಯಂತರಕಾರರಿಗೆ ಗಂಟೆಗೆ 30 ಡಾಲರಿನಂತೆ ದಿನಕ್ಕೆ 240, ಸಾರಾಂಶ ಬರೆಯುವ ಅನುವಾದಕರಿಗೆ ಗಂಟೆಗೆ 40ರಂತೆ ದಿನಕ್ಕೆ 320 ಇಡೋಣ. ಮೂವರ ಶುಲ್ಕ 17,000, 7,200 ಮತ್ತು 2,560. ನಾಲ್ಕು ಪ್ರಯಾಣಕ್ಕೆ ಐಆರ್‌ಎಸ್ ನಿಗದಿಪಡಿಸಿದ 2025ರ ದರ, ಮೈಲಿಗೆ 70 ಸೆಂಟಿನಂತೆ, 672 ಡಾಲರ್. ಒಟ್ಟು 27,432.

‘ಅಷ್ಟು ದುಡ್ಡು ನಮಗೆ ಯಾರು ಕೊಡುತ್ತಾರೆ?’ ಎಂದು ನೀವು ಕೇಳುವುದು ನ್ಯಾಯವೇ. ಅನುದಾನ 15,000 ಮಾತ್ರ ಸಿಗಬಹುದು. ಆಗ ದರವನ್ನು ಅರ್ಧಕ್ಕೆ ಇಳಿಸಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಕೆಲಸದ ಹರವನ್ನು ಇಳಿಸಿ. ದಿನಗಳನ್ನು ಎಣಿಸಿಟ್ಟಿದ್ದರೆ ಇದು ಸುಲಭ. ತಯಾರಿಯ ನಾಲ್ಕು ದಿನದ 2,000 ಡಾಲರ್ ಎಷ್ಟೇ ಸಂದರ್ಶನ ಮಾಡಿದರೂ ಬದಲಾಗದು. ಆಮೇಲೆ ಒಂದೊಂದು ಸಂದರ್ಶನಕ್ಕೆ ಮೂವರ ಕೆಲಸವೂ ಸೇರಿ 1,188 ಡಾಲರ್. ಸ್ಯಾನ್ ಡಿಯೇಗೊಗೆ ಒಂದು ಪ್ರಯಾಣಕ್ಕೆ ಅರ್ಧ ದಿನವೂ ಮೈಲಿಯೂ ಸೇರಿ 418. ಹತ್ತು ಸಂದರ್ಶನ, ಎರಡು ಪ್ರಯಾಣ ಎಂದರೆ 14,716ಕ್ಕೆ ಮುಗಿಯುತ್ತದೆ. ಹತ್ತು ಹಿರಿಯರ ಮಾತು ಪೂರ್ತಿಯಾಗಿ, ಓದಬಹುದಾದ ರೂಪದಲ್ಲಿ ನಮ್ಮ ಕೈಗೆ ಬರುತ್ತದೆ. ಇಪ್ಪತ್ತು ಮಂದಿಯದನ್ನು ಧ್ವನಿಮುದ್ರಿಸಿ, ಲಿಪ್ಯಂತರಕ್ಕೆ ದುಡ್ಡು ಸಾಲದೆ ಯಾರದೋ ಹಾರ್ಡ್ ಡ್ರೈವಿನಲ್ಲಿ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

‘ನಮ್ಮವರೇ ಒಬ್ಬರು ಪುಕ್ಕಟೆ ಮಾಡಿಕೊಡುತ್ತಾರೆ’ ಎನ್ನುವವರಿಗೂ ಒಂದು ಮಾತು. ಅವರು ಸಂತೋಷದಿಂದ ಮಾಡಿಕೊಟ್ಟರೆ ದೊಡ್ಡದು. ಆದರೆ ಬಜೆಟ್‌ನಲ್ಲಿ ಅವರ ಎದುರು ಸೊನ್ನೆ ಬರೆಯಬೇಡಿ. ಫೆಡರಲ್ ಅನುದಾನಗಳಲ್ಲಿ ಸ್ವಯಂಸೇವಕರ ವೃತ್ತಿಪರ ಕೆಲಸವನ್ನು, ಅಂಥ ಕೆಲಸಕ್ಕೆ ಸಂಸ್ಥೆ ಕೊಡುವ ದರದಲ್ಲೇ ನಮ್ಮ ಪಾಲಿನ ಕೊಡುಗೆಯಾಗಿ ತೋರಿಸಲು ಅವಕಾಶವಿದೆ. ಅದಕ್ಕೂ ದಿನಗಳ ಲೆಕ್ಕ, ಕೆಲಸ ಮಾಡಿದ ದಾಖಲೆ ಬೇಕು. ಸೊನ್ನೆ ಬರೆದರೆ ಅವರು ನಡುವೆ ಬಿಟ್ಟುಹೋದ ದಿನ ಅವರ ಜಾಗಕ್ಕೆ ಇನ್ನೊಬ್ಬರನ್ನು ತರಲು ಎಷ್ಟು ಬೇಕು ಎಂಬುದೂ ಯಾರಿಗೂ ತಿಳಿಯುವುದಿಲ್ಲ.

ಇನ್ನು ಒಪ್ಪಂದ. ಫೆಡರಲ್ ವೆಚ್ಚ ನಿಯಮಗಳು (2 CFR 200.459) ವೃತ್ತಿಪರ ಸೇವೆಯ ಖರ್ಚು ಸಮಂಜಸವೇ ಎಂದು ನೋಡುವಾಗ, ಒಪ್ಪಂದದಲ್ಲಿ ಕೆಲಸದ ವಿವರ, ಬೇಕಾಗುವ ಸಮಯದ ಅಂದಾಜು, ಸಂಭಾವನೆಯ ದರ ಇದೆಯೇ ಎಂದು ಕೇಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಾದ ಎಸ್‌ಬಿ 988 ಕಾಯ್ದೆಯಂತೆ ಅನುವಾದಕರು, ವಿಡಿಯೊ ತೆಗೆಯುವವರಂಥ ಸ್ವತಂತ್ರ ವೃತ್ತಿನಿರತರಿಗೆ 250 ಡಾಲರ್ ಅಥವಾ ಹೆಚ್ಚಿನ ಕೆಲಸ ಕೊಟ್ಟರೆ ಲಿಖಿತ ಒಪ್ಪಂದ ಕಡ್ಡಾಯ. ಹಣ ಕೊಡುವ ದಿನ ಬರೆಯದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಕೊಡಲೇಬೇಕು. ದಿನಗಳನ್ನು ಎಣಿಸಿ ಬರೆದ ಬಜೆಟ್ ಸಾಲನ್ನೇ ಒಪ್ಪಂದಕ್ಕೆ ಎತ್ತಿಕೊಂಡರೆ ಇವೆರಡಕ್ಕೂ ಉತ್ತರ ಸಿದ್ಧವಿರುತ್ತದೆ.

ಯಾರನ್ನು ಸಲಹೆಗಾರರು ಎನ್ನಬಹುದು ಎಂಬುದನ್ನೂ ಗಮನಿಸಿ. ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಡೈನಾಮೆಕ್ಸ್ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪನ್ನು, ಸ್ಯಾನ್ ಡಿಯೇಗೊದ ಶಾಸಕಿ ಲೊರೇನಾ ಗೊನ್ಸಾಲೆಸ್ ತಂದ ಎಬಿ 5 ಕಾಯ್ದೆ 2020ರಿಂದ ಶಾಸನವಾಗಿಸಿತು. ಅನುವಾದಕರಂಥ ಹಲವು ವೃತ್ತಿಗಳಿಗೆ ಷರತ್ತಿನ ವಿನಾಯಿತಿಗಳಿವೆ. ಆದರೆ ಸಂಘದ ಕಚೇರಿಯಲ್ಲಿ ಸಂಘ ಹೇಳಿದ ಹೊತ್ತಿಗೆ, ಸಂಘದ ಮೇಲ್ವಿಚಾರಣೆಯಲ್ಲಿ ದುಡಿಯುವವರನ್ನು ಸಲಹೆಗಾರರು ಎಂದು ಬರೆದರೆ ಆಪತ್ತು ಖಂಡಿತ. ಅವರ ಖರ್ಚು ಸಂಬಳದ ಸಾಲಿಗೆ, ವೇತನ ತೆರಿಗೆ ಸಮೇತ ಹೋಗಬೇಕು.

ಅಂದಾಜು ಅಂದಾಜೇ. ಅದು ತಪ್ಪುತ್ತಿದೆಯೇ ಎಂದು ಬೇಗ ತಿಳಿಯುವ ದಾರಿ ಇಟ್ಟುಕೊಳ್ಳಿ. ಮೊದಲ ಮೂರು ಸಂದರ್ಶನ ಲಿಪ್ಯಂತರವಾಗಿ, ಪರಿಶೀಲನೆಯೂ ಮುಗಿದ ಮೇಲೆ ಒಮ್ಮೆ ನಿಲ್ಲಿಸಿ. ಗಂಟೆಗೆ ಎಂಟರ ಬದಲು ಹನ್ನೊಂದು ಗಂಟೆ ಹಿಡಿಯುತ್ತಿದ್ದರೆ ಹರವನ್ನು ಅಲ್ಲೇ ತಿದ್ದಿ. ಹಣವನ್ನೂ ಕಳೆದ ದಿನಗಳಿಗಲ್ಲ, ಒಪ್ಪಿಸಿದ ಕೆಲಸಕ್ಕೆ ಕಂತಾಗಿ ಕೊಡಿ: ಪ್ರಶ್ನಾವಳಿ ಸಿದ್ಧವಾದಾಗ ಒಂದು, ಮೊದಲ ಮೂರು ಮುಗಿದಾಗ ಒಂದು, ಅರ್ಧ ಮುಗಿದಾಗ ಒಂದು, ಎಲ್ಲ ಒಪ್ಪಿಸಿದಾಗ ಕೊನೆಯದು. ದಿನಗಳು ಅರ್ಧಕ್ಕಿಂತ ಹೆಚ್ಚು ಕಳೆದು, ಕೈಗೆ ಬಂದ ಕೆಲಸ ಕಾಲು ಭಾಗವೂ ಆಗಿರದಿದ್ದರೆ ಯೋಜನೆ ತೊಂದರೆಯಲ್ಲಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ಮುಂದಿನ ಸಭೆಯಲ್ಲಿ ‘ಇಡಿಗಂಟು’ ಎಂಬ ಪದವನ್ನು ಕರಡಿನಿಂದ ತೆಗೆದು, ಆ ಜಾಗದಲ್ಲಿ ಕೆಲಸ, ದಿನ, ದರ ಎಂಬ ಮೂರು ಕಾಲಂ ಹಾಕಿ. ದಿನದ ಕಾಲಂ ತುಂಬುವ ಮುನ್ನ ಆ ಕೆಲಸ ಮಾಡಿ ಗೊತ್ತಿರುವ ಒಬ್ಬರನ್ನಾದರೂ ಕೇಳಿ. ಹಿರಿಯರ ಮಾತನ್ನು ಉಳಿಸಲು ಹೊರಟವರು, ಅದನ್ನು ಬರೆದುಕೊಡುವವರ ದುಡಿಮೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದಷ್ಟೇ ನನ್ನ ಕೋರಿಕೆ.

ನಿಮ್ಮ ವಿಶ್ವಾಸದ,
ಬಜೆಟ್ ಬರೆಯುವ ಒಬ್ಬ ಕನ್ನಡಿಗ