ಯಾವ ಮನ್ಯಾಗ, ಕಾಕಾ?

ನಮ್ಮ ಕಡೆ ಮನೆ ಕಟ್ಟಿಸುವವನಿಗೆ ಯಜಮಾನ ಎನ್ನುತ್ತಾರೆ. ಅದು ಬರೀ ಮರ್ಯಾದೆಗೆ. ಯಜಮಾನಿಕೆ ಇರುವುದು ಗೌಂಡಿಯ ಕೈಯಲ್ಲಿ. ಗದಗ-ಬೆಟಗೇರಿಯಿಂದ ಮುಂಡರಗಿಯವರೆಗೆ ಯಾವ ಊರಿಗೆ ಹೋದರೂ ಈ ಮನುಷ್ಯ ಸಿಗುತ್ತಾನೆ. ತಲೆಗೆ ಟವೆಲ್, ಕಿಸೆಯಲ್ಲಿ ಟೇಪು, ಬಾಯಲ್ಲಿ ಎಲೆ-ಅಡಿಕೆ, ಕಿವಿಯ ಮೇಲೆ ಬಡಿಗೇರನಿಂದ ಇಸಿದುಕೊಂಡು ಮರಳಿ ಕೊಡದ ಪೆನ್ಸಿಲ್. ಯಾವುದಕ್ಕೂ ಅವನು ಒಲ್ಲೆ ಎನ್ನುವುದಿಲ್ಲ. "ಮಾಡೂಣಂತ್ರಿ" ಎನ್ನುತ್ತಾನೆ. ಅವನು ತನಗೆ ಬೇಕಾದದ್ದನ್ನೇ ಮಾಡುತ್ತಿದ್ದಾನೆ ಎಂದು ನಮಗೆ ಗೊತ್ತಾಗುವಷ್ಟರಲ್ಲಿ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿರುತ್ತದೆ.

ಲಕ್ಷ್ಮೇಶ್ವರದ ಹೊರವಲಯದಲ್ಲಿ ನನ್ನದೊಂದು 30-40ರ ಸೈಟು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅಲ್ಲಿ ಮನೆ ಕಟ್ಟಿಸಲು ಹೊರಟೆ. ನಕ್ಷೆ ಹಾಕಿದವಳು ನನ್ನ ತಂಗಿಯ ಮಗಳು. ಹುಬ್ಬಳ್ಳಿಯಲ್ಲಿ ಐದು ವರ್ಷ ಓದಿ ಆಗಷ್ಟೇ ಆರ್ಕಿಟೆಕ್ಟ್ ಆಗಿದ್ದಳು. ಇದೇ ಅವಳ ಮೊದಲ ಸೈಟು. ಗೌಂಡಿ ಮಾತ್ರ ಹಳಬ. ಶಿರಹಟ್ಟಿಯಿಂದ ಡಂಬಳದವರೆಗೆ ಮನೆ ಕಟ್ಟಿದವನು, ಊರಿಗೆಲ್ಲ ಕಾಕಾ.

"ಬರ್ರಿ ಇಂಜಿನಿಯರಮ್ಮಾರ" ಎಂದ.

"ಇಂಜಿನಿಯರ್ ಅಲ್ಲ ಕಾಕಾ, ಆರ್ಕಿಟೆಕ್ಟ್."

"ಹಂಗಂದ್ರ ಇಂಜಿನಿಯರ್‌ಗಿಂತ ಹೆಚ್ಚೇನ್ರಿ, ಕಡಿಮೇನ್ರಿ?"

ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬೇಕಾದರೆ 1972ರ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು ಎಂದು ಅವಳು ವಿವರಿಸಿದಳು. ಕಾಕಾ ಪೂರ್ತಿ ಕೇಳಿಸಿಕೊಂಡು, "ಗೌಂಡಿ ಅನ್ಸಿಕೊಳ್ಳಾಕ ಅದೇನೂ ಬೇಕಾಗಂಗಿಲ್ಲ, ಗ್ವಾಡಿ ನೆಟ್ಟಗ ನಿಂತ್ರ ಸಾಕು" ಎಂದು ನಕ್ಷೆಯ ಸುರುಳಿಗೆ ಕೈ ಚಾಚಿದ.

ಮೊದಲ ತಕರಾರು ಅಳತೆಯದೇ. ನಕ್ಷೆಯಲ್ಲೆಲ್ಲ ಮಿಲಿಮೀಟರು. ಸೈಟಿನ ಉದ್ದ 12190 ಎಂದು ಬರೆದಿತ್ತು. ಕಾಕಾನ ಲೆಕ್ಕದಲ್ಲಿ ಮುನ್ನೂರಕ್ಕೆ ಒಂದು ಫೂಟು. ಬೆರಳು ಮಡಚಿ ಭಾಗಿಸಿದ, ಎರಡು ಸಲ ನೋಡಿದ, ಆಮೇಲೆ ದನಿ ತಗ್ಗಿಸಿ ನನ್ನ ಕಿವಿಯಲ್ಲಿ ಹೇಳಿದ: "ಮಾಸ್ತರ, ಕಾಗದಪತ್ರದಾಗ ಸೈಟು ನಲವತ್ತು ಫೂಟು. ನಕ್ಷಾದಾಗ ನಲವತ್ತರ ಮ್ಯಾಲೆ ಏಳಿಂಚ ಐತಿ. ಈ ಏಳಿಂಚ ಬಾಜೂಕಿನವ್ರದು." ಬಾಜೂಕಿನವರು ವಕೀಲರು. ನನಗೆ ನಿಂತಲ್ಲೇ ಬೆವರು ಬಂತು.

ಸೊಸೆ ನಕ್ಕು ಅವನದೇ ಟೇಪನ್ನು ಇಸಿದುಕೊಂಡು ಬಿಚ್ಚಿದಳು. ಟೇಪಿನ ಒಂದು ಅಂಚಿಗೆ ಫೂಟು, ಇನ್ನೊಂದಕ್ಕೆ ಮಿಲಿಮೀಟರು. ಹತ್ತು ಫೂಟಿನ ಎದುರಿಗೆ ಮೂರು ಸಾವಿರ ಇರಲಿಲ್ಲ, 3048 ಇತ್ತು. ಫೂಟಿಗೆ ಐದು ಮಿಲಿಮೀಟರಿನ ಹತ್ತಿರ ಬಿಟ್ಟರೆ ಬಾಗಿಲು ಕಿಟಕಿಯಲ್ಲಿ ಗೊತ್ತಾಗುವುದಿಲ್ಲ. ನಲವತ್ತು ಫೂಟಿಗೆ ಬಂದಾಗ ಏಳೂವರೆ ಇಂಚು ಆಗುತ್ತದೆ, ಜಗಳಕ್ಕೆ ಅಷ್ಟು ಸಾಕು. ಕಾಕಾ ಟೇಪನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಬಾಜು ನಾ ಒಮ್ಮೆನೂ ನೋಡೇ ಇಲ್ಲ ನೋಡ್ರಿ" ಎಂದ. ಸೋತ ಮುಖವೇನಲ್ಲ ಅದು. ಮುಂದಿನ ಪ್ರಶ್ನೆ ಆಗಲೇ ತಯಾರಾಗಿತ್ತು.

"ಕಂಬದ ಕುಣಿ ಐದು ಫೂಟು ಅಂತ ಬರದೀರಿ. ಯಾಕ?"

"ಐದು ಫೂಟಿಗೆ ಗಟ್ಟಿ ನೆಲ ಹತ್ತತೈತಿ ಅಂತ ಹಿಡದೇನಿ."

"ನೀವು ಹಿಡದ್ರಿ ಖರೆ. ನೆಲ ಹಿಡಿಬೇಕಲ್ಲ?"

ಇಲ್ಲಿಯದು ಎರೆ ಭೂಮಿ. ಹತ್ತಿಗೆ, ಕಡಲೆಗೆ ಬಂಗಾರ; ಮನೆಗೆ ವೈರಿ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕುಳಿತ ಕಂಬ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಎಲ್ಲ ಕಂಬಗಳೂ ಒಂದೇ ಸಮ ಏರಿಳಿದರೆ ಚಿಂತೆಯಿಲ್ಲ; ಬಚ್ಚಲ ಕಡೆಯದು ಹಸಿಯಾಗಿದ್ದು ಪಡಸಾಲೆಯದು ಒಣಗಿರುತ್ತದೆ, ಆಗ ನಡುವಿನ ಗೋಡೆ ಓರೆಯಾಗಿ ಸೀಳುತ್ತದೆ. ಆದ್ದರಿಂದ ಎರೆಯನ್ನು ದಾಟಿ ಗರಸು ಸಿಗುವವರೆಗೆ ತೋಡಬೇಕು. ಗರಸು ಎಷ್ಟು ಆಳದಲ್ಲಿದೆ ಎಂಬುದು ಹುಬ್ಬಳ್ಳಿಯಲ್ಲಿ ಕೂತು ಗೆರೆ ಎಳೆದವರಿಗೆ ತಿಳಿಯುವ ಮಾತಲ್ಲ.

"ಏಳು ಫೂಟಿಗೆ ಗರಸು" ಎಂದ ಕಾಕಾ.

ಆಗ ಸೊಸೆ ಮುಗ್ಧವಾಗಿಯೇ ಕೇಳಿದಳು: "ಯಾವ ಮನ್ಯಾಗ ನೋಡಿದ್ದಿ, ಕಾಕಾ?"

"ಹಿಂದಿನ ಮನಿ ನೀರಿನ ಟಾಕಿ ನಾನ ತೋಡಿಸಿದ್ದು. ಆರೂವರಿ ಫೂಟಿನ ತನಕ ಎರಿ. ಅಲ್ಲಿಂದ ಕೆಳಗ ಹಾರಿ ಹಾಕಿದ್ರ ಖಣ್ ಅಂತ ಸಪ್ಪಳಾತು."

ಅವಳು ಒಂದು ಕುಣಿ ತೋಡಿಸಿ ನೋಡುವುದೆಂದು ಹಟ ಹಿಡಿದಳು. ಐದು ಫೂಟಿಗೆ ಬಂದದ್ದು ಎರೆಯೇ. ಏಳರ ಹತ್ತಿರ ಹಳದಿ ಗರಸು. ಅಷ್ಟಕ್ಕೆ ಒಪ್ಪಬಹುದಿತ್ತು, ಆದರೆ ಓದಿದ ಹುಡುಗಿ, ಪರೀಕ್ಷೆ ಮಾಡದೆ ಬಿಡುತ್ತಾಳೆಯೇ? ನನ್ನ ಹಳೆಯ ಶಾಲೆಯಿಂದ ಅಳತೆಯ ಗಾಜಿನ ಕೊಳವೆ ತರಿಸಿದಳು. ಎರೆಯನ್ನು ಒಣಗಿಸಿ ಪುಡಿಮಾಡಿ ಸಣ್ಣ ಜರಡಿ ಹಿಡಿದಳು. ಹತ್ತು ಸಿಸಿ ಪುಡಿ ಒಂದು ಕೊಳವೆಯ ನೀರಿಗೆ, ಅಷ್ಟೇ ಪುಡಿ ಇನ್ನೊಂದು ಕೊಳವೆಯ ಚಿಮಣಿ ಎಣ್ಣೆಗೆ. ನೀರಿಗೆ ಎರೆ ಹಿಗ್ಗುತ್ತದೆ, ಎಣ್ಣೆಗೆ ಹಿಗ್ಗುವುದಿಲ್ಲ. ಒಂದು ದಿನ ಬಿಟ್ಟು ಎರಡರ ವ್ಯತ್ಯಾಸ ನೋಡಿದರೆ ಮಣ್ಣಿನ ಗುಣ ತಿಳಿಯುತ್ತದೆ. ಮರುದಿನ ಎಣ್ಣೆಯಲ್ಲಿದ್ದದ್ದು ಹತ್ತರಲ್ಲೇ ಇತ್ತು, ನೀರಿನಲ್ಲಿದ್ದದ್ದು ಹದಿನೇಳಕ್ಕೆ ಏರಿತ್ತು. ಅಂದರೆ ನೂರಕ್ಕೆ ಎಪ್ಪತ್ತು. ಐವತ್ತು ದಾಟಿದರೇ ಅದು ಅಪಾಯದ ಮಣ್ಣು.

ಕಾಕಾ ಕೊಳವೆಗಳನ್ನು ಬಹಳ ಹೊತ್ತು ದಿಟ್ಟಿಸಿದ. "ನಾ ನಿನ್ನೇನ ಇದನ್ನ ಬಾಯಿಲೆ ಹೇಳಿದ್ನೆಲ್ಲ. ಅರ್ಧ ಬಾಟ್ಲಿ ಚಿಮಣಿ ಎಣ್ಣಿ ಉಳೀತಿತ್ತು."

ಕುಣಿ ಏಳು ಫೂಟಾಯಿತು. ಅಷ್ಟರ ಮೇಲೆ ಕಾಕಾನಿಗೆ ನಕ್ಷೆಯ ರುಚಿ ಹತ್ತಿತು. ಹಾಳೆಗಳನ್ನು ಇಟ್ಟಂಗಿಯ ರಾಶಿಯ ಮೇಲೆ ಹರವಿಕೊಂಡು ಒಂದೊಂದನ್ನೇ ಕೆದಕತೊಡಗಿದ. ನಡುನಡುವೆ ತನ್ನ ಸಿದ್ಧಾಂತವನ್ನೂ ಹೇಳಿಕೊಂಡ: "ಸೋಮೇಶ್ವರ ಗುಡಿ ಕಟ್ಟಿದವ್ರ ಕೈಯಾಗ ಯಾವ ಹಾಳಿ ಇತ್ರಿ?"

"ಡಂಬಳದ ದೊಡ್ಡಬಸಪ್ಪನ ಗುಡಿಗೆ 24 ಮೂಲಿ ಅದಾವು ಕಾಕಾ. ಒಂದ ಚೌಕ ತಗೊಂಡು ನಡುವಿಗೆ ಗೂಟ ಹೊಡದು ಹದಿನೈದು ಹದಿನೈದು ಡಿಗ್ರಿ ತಿರುಗಿಸಿದ್ರ 24 ಮೂಲಿ ಬರ್ತಾವು. ಗೆರಿ ಹೊಡೀದ ಅದು ಬರಂಗಿಲ್ಲ."

"ಬರಂಗಿಲ್ಲ, ಖರೆ. ಆದ್ರ ಆಗ ಗೆರಿ ಹೊಡದಾಂವ ಬಿಸಿಲಾಗ ನಿಂತಿದ್ದ."

ಸೊಸೆ ತನ್ನ ಬಣ್ಣದ ಛತ್ರಿಯನ್ನು ಮಡಚಿದಳು.

ಮೆಟ್ಟಿಲಿನ ಹಾಳೆಗೆ ಬಂದಾಗ ಅವನ ಕೈ ನಿಂತಿತು. ಮೆಟ್ಟಿಲಿನ ನಕ್ಷೆ ಅವಳದು. ಬೀಮು ಕಂಬಗಳ ನಕ್ಷೆ ಬೇರೆ ಇಂಜಿನಿಯರರದು. ಕಾಕಾ ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಎತ್ತಿ ಬಿಸಿಲಿಗೆ ಹಿಡಿದ. ಬಿಸಿಲು ತೂರಿದಾಗ ಮೆಟ್ಟಿಲಿನ ಗೆರೆಯ ಮೇಲೆ ಅಡ್ಡಲಾಗಿ ಒಂದು ಬೀಮು ಕಂಡಿತು.

"ಮೂರನೇ ಮೆಟ್ಟಲ ಮ್ಯಾಲೆ ತಲಿ ಬಡಿತೈತ್ರಿ."

ಅವಳು ಕೂತು ಲೆಕ್ಕ ಹಾಕಿದಳು. ಕೆಳಗಿನ ನೆಲದಿಂದ ಮಾಳಿಗೆಗೆ ಮೂರು ಮೀಟರ್; ಹದಿನೆಂಟು ಮೆಟ್ಟಿಲು, ಒಂದೊಂದು 167 ಮಿಲಿಮೀಟರು. ಮೂರು ಹತ್ತಿದಾಗ ಅರ್ಧ ಮೀಟರ್ ಮೇಲಿರುತ್ತೇವೆ. ಅಲ್ಲಿ ಬರೀ ಸ್ಲ್ಯಾಬ್ ಇದ್ದರೆ ತಲೆಯ ಮೇಲೆ ಸಾಕಷ್ಟು ಜಾಗ. ಆದರೆ ಇಂಜಿನಿಯರರು ಆಮೇಲೆ ಸೇರಿಸಿದ ಬೀಮು ಸ್ಲ್ಯಾಬೂ ಸೇರಿ 450 ಮಿಲಿಮೀಟರು ಕೆಳಗೆ ಇಳಿಯುತ್ತಿತ್ತು. ಉಳಿದದ್ದು 2050. ಆರು ಫೂಟು ಎಂಟೂಮುಕ್ಕಾಲು ಇಂಚು.

"ತಲಿ ಏನ ಬಡಿಯಂಗಿಲ್ಲ ಕಾಕಾ" ಎಂದಳು, ದನಿ ಮಾತ್ರ ಮೊದಲಿನಷ್ಟು ಗಟ್ಟಿ ಇರಲಿಲ್ಲ. 2200 ಇರಬೇಕೆಂದು ಓದಿದ್ದು ಅವಳಿಗೆ ನೆನಪಿತ್ತು.

"ಬರೇ ತಲಿ ಬಡಿಯಂಗಿಲ್ಲ. ತಲಿ ಮ್ಯಾಲೆ ಮೆಣಸಿನಕಾಯಿ ಚೀಲ ಇರತೈತೆಲ್ಲ?"

"ಯಾವ ಮನ್ಯಾಗ ಹಂಗಾತು?"

"ಶಿರಹಟ್ಟಿಯಾಗ ನಮ್ಮ ಷಡ್ಡಕನ ಮನ್ಯಾಗ. ಮಾಳಗಿಗೆ ಕಾಯಿ ಒಣಾ ಹಾಕಾಕ ಹೊಂಟ ಆಳು ಚೀಲ ಬೀಮಿಗೆ ಬಡದು ಹಿಂದಕ್ಕ ಬಿದ್ದ. ಈಗ ಆ ಬೀಮಿಗೆ ಗಾದಿ ಕಟ್ಟ್ಯಾರ."

ನಮ್ಮಲ್ಲಿ ಮಾಳಿಗೆ ಇರುವುದು ಗಾಳಿ ಸೇವನೆಗಲ್ಲ. ಮೆಣಸಿನಕಾಯಿ, ಶೇಂಗಾ, ಜೋಳ, ಹಪ್ಪಳ, ಶ್ಯಾವಿಗೆ ಎಲ್ಲವೂ ಅಲ್ಲಿಗೆ ಹತ್ತುತ್ತವೆ, ಬಹುಪಾಲು ತಲೆಯ ಮೇಲೆಯೇ. ಇದನ್ನು ಯಾವ ಪುಸ್ತಕವೂ ಅವಳಿಗೆ ಹೇಳಿರಲಿಲ್ಲ, ಮಾವನಾದ ನಾನೂ ಹೇಳಿರಲಿಲ್ಲ. ಮೆಟ್ಟಿಲು ಕಟ್ಟುವುದು ಇನ್ನೂ ತಿಂಗಳುಗಟ್ಟಲೆ ಆಚೆಗಿದೆ, ಈಗಲೇ ಯಾಕೆ ಈ ರಗಳೆ ಎಂದು ನಾನು ಬಾಯಿ ಹಾಕಿದೆ. ಇಬ್ಬರೂ ಒಟ್ಟಿಗೆ ನನ್ನತ್ತ ನೋಡಿದರು, ಮೊದಲ ಸಲ ಒಂದೇ ಪಕ್ಷದವರಾಗಿ. ಬೀಮು ಕಂಬದ ಮೇಲೆ ಕೂಡುತ್ತದೆ. ಕಂಬ ಕುಣಿಯೊಳಗಿಂದ ಏಳುತ್ತದೆ. ಕುಣಿಗೆ ಸುಣ್ಣದ ಗುರುತು ಹಾಕುವುದು ಇವತ್ತೇ. ಇವತ್ತು ತಪ್ಪಿದರೆ ಆಮೇಲೆ ಬೀಮಿಗೆ ಗಾದಿಯೇ ಗತಿ. ಅವಳು ಇಂಜಿನಿಯರರಿಗೆ ಫೋನು ಮಾಡಿದಳು. ಬೀಮನ್ನು ಮೂರು ಮೆಟ್ಟಿಲಿನಷ್ಟು, ಅಂದರೆ 750 ಮಿಲಿಮೀಟರು, ಹಿಂದಕ್ಕೆ ಸರಿಸಲು ಅವರು ಲೆಕ್ಕ ನೋಡಿ ಒಪ್ಪಿದರು. ಎರಡು ಕಂಬದ ಗುರುತು ಅಳಿಸಿ ಹೊಸದಾಗಿ ಹಾಕಲಾಯಿತು.

ಇಷ್ಟಾದ ಮೇಲೆ ಕಾಕಾನಿಗೆ ತಡೆ ಇಲ್ಲದಾಯಿತು. ಕೊನೆಯ ಹಾಳೆ ತೋರಿಸಿ, "ನೆಲದ ಭರ್ತಿಗೆ ಗರಸು ತರ್ರಿ ಅಂತ ಬರದೀರಿ. ಕುಣಿಯಿಂದ ತಗಿಯೋ ಮಣ್ಣು ಇಲ್ಲೇ ಗುಡ್ಡದಂಗ ಬೀಳತೈತಿ. ಪುಕ್ಕಟ. ಅದನ್ನ ತುಂಬೂಣು" ಎಂದ. ಪುಕ್ಕಟೆ ಎಂಬ ಮಾತು ನನ್ನ ಕಿವಿಗೆ ಬಹಳ ಇಂಪಾಗಿ ಬಿತ್ತು.

"ಯಾವ ಮನ್ಯಾಗ ತುಂಬಿದ್ದಿ, ಕಾಕಾ?"

"ಎಲ್ಲಾರೂ ತುಂಬತಾರ್ರಿ."

"ಎಲ್ಲಾರೂ ಬ್ಯಾಡ. ಒಂದ ಮನಿ ಹೇಳು."

ಕಾಕಾ ಎಲೆ-ಅಡಿಕೆ ಉಗುಳಿ ಬರಲು ದೂರ ಹೋದ. ಸಾಕಷ್ಟು ದೂರವೇ ಹೋದ. ಬಂದವನು ಪೆನ್ಸಿಲನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಿಸಿದ.

"ಮುಂಡರಗಿಯಾಗ ಒಂದ ಮನಿ ಐತಿ."

"ಹ್ಯಾಂಗೈತಿ ಈಗ?"

"ಮನಿ ಚಲೋ ಐತಿ. ಮಳಿಗಾಲದಾಗ ಮಾತ್ರ ದೇವರಮನಿ ಬಾಗಲಾ ತಗ್ಯಾಕ ಬರಂಗಿಲ್ಲ."

ಆ ಮನೆಯ ಕಂಬಗಳು ಗರಸಿನ ಮೇಲಿದ್ದವು, ಕದಲಲಿಲ್ಲ. ಒಳಗೆ ತುಂಬಿದ ಎರೆ ಮಳೆಗಾಲದಲ್ಲಿ ಉಬ್ಬಿ ಫರಸಿಯನ್ನು ಎತ್ತಿತ್ತು. ಬಾಗಿಲು ಫರಸಿಗೆ ತಾಗಿ ಸಿಕ್ಕಿಕೊಂಡಿತ್ತು. ಶ್ರಾವಣದಲ್ಲಿ ಆ ಮನೆಯವರು ಕಿಟಕಿಯಿಂದ ಮಂಗಳಾರತಿ ಎತ್ತುತ್ತಾರಂತೆ. ನಮ್ಮ ಮನೆಗೆ ಟ್ರ್ಯಾಕ್ಟರಿನಲ್ಲಿ ಗರಸು ಬಂತು. ತೆಳುವಾಗಿ ಹರವಿ, ನೀರು ಹೊಡೆದು, ಬಡಿದು ಗಟ್ಟಿ ಮಾಡಿ, ಅದರ ಮೇಲೆ ಮತ್ತೊಂದು ಪದರ. ಎರೆಯ ಗುಡ್ಡವನ್ನು ಪಕ್ಕದ ಹೊಲದವರು ಒಯ್ದರು, ಪುಕ್ಕಟೆಯಾಗಿಯೇ.

ವಾರದ ಮೇಲೆ ತಿದ್ದಿದ ನಕ್ಷೆ ಬಂತು. ಹಾಳೆಯ ಮೂಲೆಯಲ್ಲಿ ತಿದ್ದುಪಡಿಗೆ ಕಾರಣ ಬರೆಯುವ ಒಂದು ಪಟ್ಟಿ ಇರುತ್ತದೆ. ಕುಣಿಯ ಆಳ, ಬೀಮಿನ ಜಾಗ, ಎರಡರ ಎದುರಿಗೂ "ಗೌಂಡಿಯವರ ಸೂಚನೆಯಂತೆ" ಎಂದು ಸೊಸೆ ಬರೆದಿದ್ದಳು. ನಾನು ಓದಿ ಹೇಳಿದೆ. ಕಾಕಾ ಟವೆಲಿನಿಂದ ಕೈ ಒರೆಸಿಕೊಂಡು ಆ ಪಟ್ಟಿಯ ಮೇಲೆ ಬೆರಳಾಡಿಸಿದ.

"ಹಂಗಾದ್ರ ನಕ್ಷಾದ ಫೀದಾಗ ನನ್ನ ಪಾಲು ಎಷ್ಟರಿ?"

ಫೀಯಲ್ಲಿ ಪಾಲು ಸಿಗಲಿಲ್ಲ. ಮಾವನ ಮನೆಯ ನಕ್ಷೆಗೆ ಅವಳಿಗೇ ಇನ್ನೂ ಫೀ ಬಂದಿಲ್ಲ. ಬೆಟಗೇರಿಯಲ್ಲಿ ಸಿಕ್ಕ ಎರಡನೇ ಕೆಲಸಕ್ಕೆ ಮಾತ್ರ ಗುರುತು ಹಾಕುವ ಮೊದಲೇ ಕಾಕಾನನ್ನು ಕರೆಸಿಕೊಂಡಿದ್ದಾಳೆ. ದಿನದ ಪಗಾರ ಬೇರೆ, ಬಸ್ಸಿನ ಖರ್ಚು ಬೇರೆ.