ಪತ್ರೊಡೆಗೊಂದು ವಾರದ ವರದಿ

ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ, ಶಿವಮೊಗ್ಗದ ವಿನೋಬನಗರದ ಯಾವುದೋ ಮಹಡಿ ಕೋಣೆಯಿಂದ ಭದ್ರಾವತಿಯ ಯಾವುದೋ ಅಡುಗೆಮನೆಗೆ ಒಂದು ಈಮೇಲ್ ಹೋಗುತ್ತದೆ. ಬರೆಯುವವನು ವಿಡಿಯೊಗೆ ಇಷ್ಟು ಎಂದು ಮಾತಾಡಿಕೊಂಡು ಎಡಿಟ್ ಮಾಡಿಕೊಡುವ ಹುಡುಗ. ಓದುವವರು ಅಡುಗೆ ಚಾನೆಲ್ಲಿನ ಯಜಮಾನಿ. ‘ನಮಸ್ತೆ ಅಕ್ಕ, ಈ ವಾರದ ರಿಪೋರ್ಟ್’ ಎಂಬ ಒಂದು ಸಾಲು, ಅದರ ಕೆಳಗೆ ಯೂಟ್ಯೂಬ್ ಸ್ಟುಡಿಯೊದ ಸ್ಕ್ರೀನ್‌ಶಾಟುಗಳ ಮೆರವಣಿಗೆ. ಅಕ್ಕ ನೋಡುವುದು ಬಾಣಗಳನ್ನು ಮಾತ್ರ. ಬಾಣ ಮೇಲಕ್ಕಿದ್ದರೆ ಅದು ಅವರ ಕೈರುಚಿ, ಕೆಳಕ್ಕಿದ್ದರೆ ಇವನ ಎಡಿಟಿಂಗು. ಹಾಗೆ ಓದುವುದಕ್ಕೆ ಅವರನ್ನು ದೂರುವಂತಿಲ್ಲ. ಭದ್ರಾವತಿ 1923ರಿಂದ ಕಬ್ಬಿಣ ಕರಗಿಸಿದ ಊರು. ಅಲ್ಲಿ ವಾರದ ಲೆಕ್ಕ ಅಂದರೆ ಟನ್ನು, ಟನ್ನು ಅಂದರೆ ಟನ್ನೇ. ವ್ಯೂ ಹಾಗಲ್ಲ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಹೆಬ್ಬೆರಳು ಮುಂದಕ್ಕೆ ತಳ್ಳುವಷ್ಟರಲ್ಲಿ ಬಾಣಲೆಯ ಅಂಚು ಕಂಡರೂ ಒಂದು, ಒಗ್ಗರಣೆ ಸಿಡಿಯುವವರೆಗೆ ಕೂತರೂ ಒಂದು. ಅದರ ಮುಂದಿನ ತಿಂಗಳು ಏರಿದ ಬಾಣಗಳಲ್ಲಿ ಎಷ್ಟೋ ಕಡೆ ಏರಿದ್ದು ಜನ ಅಲ್ಲ, ಎಣಿಸುವ ಪದ್ಧತಿ. ಹಾಗಾಗಿ ನನ್ನ ವಾದ ಇಷ್ಟೆ: ಆ ಈಮೇಲಿಗೆ ಹತ್ತು ಅಂಕಿ ಬೇಡ, ಒಂದು ಗೆರೆ ಸಾಕು. ನೋಡುಗರು ಯಾವ ಕ್ಷಣದಲ್ಲಿ ಎದ್ದುಹೋದರು ಎಂದು ತೋರಿಸುವ ಗೆರೆ. ಮುಂದಿನ ವಾರ ಕತ್ತರಿಯಿಂದಲೋ ಸೌಟಿನಿಂದಲೋ ತಿದ್ದಬಹುದಾದದ್ದು ಅದೊಂದೇ.

ಮಿಕ್ಕ ಅಂಕಿಗಳು ಸುಳ್ಳಲ್ಲ, ಆದರೆ ವಾರದ ಅಳತೆಗೆ ಸಿಗುವಂಥವಲ್ಲ. ಮೊದಲಿಗೆ ‘ವಾರ’ ಎನ್ನುವುದೇ ನಮ್ಮದಲ್ಲ. ಯೂಟ್ಯೂಬಿನ ದಿನ ಅಮೆರಿಕದ ಪಶ್ಚಿಮ ಕರಾವಳಿಯ ಮಧ್ಯರಾತ್ರಿಗೆ ಮುಗಿಯುತ್ತದೆ. ನಮಗೆ ಆಗ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಿ ಒಂದೂವರೆ. ಭದ್ರಾವತಿಯಲ್ಲಿ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಹಾಕಿದ ವಿಡಿಯೊ ಅವರ ಲೆಕ್ಕದಲ್ಲಿ ಇನ್ನೂ ಶನಿವಾರದ್ದು. ‘ಭಾನುವಾರ ಜನ ಮನೆಯಲ್ಲಿರ್ತಾರೆ, ಆದರೂ ವ್ಯೂ ಕಮ್ಮಿ’ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಯಾರ ಭಾನುವಾರ ಎಂದು ಕೇಳಬೇಕು. ಇನ್ನೊಂದು, ಅತಿ ಹೆಚ್ಚು ಕಣ್ಣೀರು ತರಿಸುವ ಅಂಕಿ: ಸಿ.ಟಿ.ಆರ್. ಅಂದರೆ ತಂಬ್‌ನೇಲ್ ಕಣ್ಣಿಗೆ ಬಿದ್ದ ನೂರು ಸಲದಲ್ಲಿ ಎಷ್ಟು ಸಲ ಒತ್ತಿದರು ಎಂಬುದು. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ಮೊದಲ ದಿನ ತಂಬ್‌ನೇಲ್ ಕಂಡದ್ದು 4,000 ಸಲ, ಒತ್ತಿದ್ದು 360 ಸಲ, ನೂರಕ್ಕೆ 9. ವಾರದ ಕೊನೆಗೆ ಕಂಡದ್ದು 40,000 ಸಲ, ಒತ್ತಿದ್ದು 1,400, ನೂರಕ್ಕೆ ಮೂರೂವರೆ. ಅಕ್ಕನ ಓದಿನಲ್ಲಿ ಇದು ಒಂಬತ್ತರಿಂದ ಮೂರೂವರೆಗೆ ಬಿದ್ದ ಮಾನ. ನಿಜವಾಗಿ ನಡೆದದ್ದು, ಮೊದಲು ನೆಂಟರಿಷ್ಟರಂಥ ಹಳೇ ಸಬ್‌ಸ್ಕ್ರೈಬರುಗಳಿಗೆ ತೋರಿಸಿದ ವಿಡಿಯೊವನ್ನು ಯೂಟ್ಯೂಬ್ ಆಮೇಲೆ ಗುರುತು ಪರಿಚಯ ಇಲ್ಲದವರ ಮುಂದೂ ಹಿಡಿದಿದೆ, ಅವರಲ್ಲಿ ಒಂದಷ್ಟು ಮಂದಿ ಒಳಗೆ ಬಂದಿದ್ದಾರೆ. ಇದು ಸಿಹಿ ಹಂಚಬೇಕಾದ ಸುದ್ದಿ. ವರದಿಯಲ್ಲಿ ಬೂದು ಬಾಣವಾಗಿ ಬಂದು ಹುಡುಗನಿಗೆ ಬೈಗುಳ ತರುತ್ತದೆ.

ಈಗ ಆ ಗೆರೆ. ಮಳೆಗಾಲದ ಒಂದು ಪತ್ರೊಡೆ ವಿಡಿಯೊ, ಹನ್ನೊಂದು ನಿಮಿಷದ್ದು ಅಂದುಕೊಳ್ಳೋಣ. ಮೂವತ್ತನೇ ಸೆಕೆಂಡಿಗೆ ನೂರರಲ್ಲಿ 52 ಜನ ಉಳಿದಿದ್ದಾರೆ. ಶುರುವಿನಲ್ಲಿ ಜನ ಹೋಗುವುದು ಎಲ್ಲ ವಿಡಿಯೊಗಳ ಹಣೆಬರಹ, ಅದಕ್ಕೇ 52 ಎಂಬುದು ಒಂಟಿಯಾಗಿ ಏನನ್ನೂ ಹೇಳದು. ಇದೇ ಚಾನೆಲ್ಲಿನ, ಸುಮಾರು ಇಷ್ಟೇ ಉದ್ದದ ಹಳೆಯ ವಿಡಿಯೊಗಳಲ್ಲಿ ಆ ಹೊತ್ತಿಗೆ 65 ಜನ ಉಳಿಯುತ್ತಿದ್ದರೆ ಮಾತ್ರ ಎದ್ದು ಹೋಗಿ ಆ ಮೂವತ್ತು ಸೆಕೆಂಡು ನೋಡಬೇಕು. ನೋಡಿದರೆ ಅಲ್ಲೇನಿದೆ? ತಿರುಗುವ ಲೋಗೊ, ನಮಸ್ಕಾರ, ಮಳೆ ಜೋರಾಗಿದೆ ಎಂಬ ಸಮಾಚಾರ, ಗಂಟೆ ಗುರುತು ಒತ್ತಿ ಎಂಬ ಬಿನ್ನಹ. ಕೆಸುವಿನ ಎಲೆಯ ದರ್ಶನವೇ ಇಲ್ಲ. ಇದು ಕತ್ತರಿಯ ಕೆಲಸ, ಸುಲಭದ್ದು. ಕಷ್ಟದ್ದು ಆರೂ ನಲವತ್ತರಲ್ಲಿದೆ: ಇಳಿಯುತ್ತಾ ಬಂದ ಗೆರೆ ಅಲ್ಲಿ ದಿಢೀರನೆ ಗುಡ್ಡ ಕಟ್ಟಿದೆ. ಗುಡ್ಡ ಎಂದರೆ ಸಾಮಾನ್ಯವಾಗಿ ಜನ ಹಿಂದಕ್ಕೆ ಹೋಗಿ ಆ ಜಾಗವನ್ನು ಮತ್ತೆ ನೋಡಿದ್ದಾರೆ. ಅಲ್ಲಿರುವುದು ಎಲೆಯ ಮೇಲೆ ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು, ಅಂಚು ಮಡಚಿ ಸುರುಳಿ ಸುತ್ತುವ ಭಾಗ. ‘ನೋಡಿ, ಎಷ್ಟು ಇಷ್ಟಪಟ್ಟಿದ್ದಾರೆ’ ಎಂದು ಈಮೇಲಿನಲ್ಲಿ ಬರೆದುಬಿಡುವ ಆಸೆ ಸಹಜ. ಆದರೆ ಖುಷಿಯಾದವರೂ ಹಿಂದಕ್ಕೆ ಹೋಗುತ್ತಾರೆ, ಅರ್ಥವಾಗದವರೂ ಹೋಗುತ್ತಾರೆ. ಗೆರೆಗೆ ಎರಡೂ ಒಂದೇ.

ಬೇರ್ಪಡಿಸುವ ದಾರಿ ಇದೆ. ಮೊದಲು ಆ ಫ್ರೇಮನ್ನೇ ನಿಲ್ಲಿಸಿ ನೋಡುವುದು. ಕ್ಯಾಮೆರಾ ಅಕ್ಕನ ಎದುರಿಗಿದೆ, ಮುಂಗೈ ಎಲೆಗೆ ಅಡ್ಡ ಬಂದಿದೆ, ಹಿಟ್ಟು ಸವರಿದ್ದು ನರ ಉಬ್ಬಿದ ಹಿಂಬದಿಗೋ ನುಣುಪಾದ ಮುಂಬದಿಗೋ ಎಂದು ಕಾಣುವುದೇ ಇಲ್ಲ. ಮೇಲಾಗಿ ಹುಡುಗ ವೇಗ ಬರಲಿ ಎಂದು ಎರಡು ಕಡೆ ಕತ್ತರಿಸಿದ್ದಾನೆ. ಇಷ್ಟಿದ್ದರೆ ಅನುಮಾನ ‘ಅರ್ಥವಾಗದ್ದು’ ಎಂಬ ಕಡೆಗೆ ವಾಲುತ್ತದೆ. ಆಗ ಈಮೇಲ್ ಹೇಳಬೇಕಾದ್ದು ಹೀಗೆ: ಮುಂದಿನ ಸಲ ಸುತ್ತುವ ತಿಂಡಿ ಮಾಡುವಾಗ ಕ್ಯಾಮೆರಾ ನಿಮ್ಮ ಬಲಭುಜದ ಹಿಂದೆ ಇಡೋಣ, ಸುತ್ತುವುದನ್ನು ನಾನು ಕತ್ತರಿಸುವುದಿಲ್ಲ. ಆಗ ಗುಡ್ಡ ಕರಗಿ, ಗೆರೆ ಕುಸಿಯದೆ ಮಟ್ಟವಾಗಿ ಸಾಗಿದರೆ ಅದು ಗೊಂದಲವೇ ಆಗಿತ್ತು. ಗುಡ್ಡ ಹಾಗೇ ನಿಂತರೆ ಸಂತೋಷದ್ದು. ಆ ದೃಶ್ಯವನ್ನೇ ಎತ್ತಿ ಲೋಗೊ ಜಾಗದಲ್ಲಿ, ಮೊಟ್ಟಮೊದಲು ಇಡಬಹುದು. ಅಂದ ಹಾಗೆ, ಕೊನೆಯ ನಿಮಿಷದಲ್ಲಿ ಗೆರೆ ದಬಕ್ಕನೆ ಬೀಳುವುದಕ್ಕೆ ವಿಶ್ಲೇಷಣೆ ಬೇಡ. ಪತ್ರೊಡೆ ಬೆಂದಿತು, ಜನ ಹೋದರು. ಮಾಡಿದವರೇ ತಿಂದು ‘ಆಹಾ’ ಎನ್ನುವುದರಲ್ಲಿ ಯಾರಿಗೂ ಕುತೂಹಲ ಉಳಿದಿರುವುದಿಲ್ಲ.

ಅಕ್ಕನ ಆಕ್ಷೇಪಗಳು ಹಗುರವಾದವಲ್ಲ. ‘ಗೆರೆ ಇಟ್ಕೊಂಡು ಏನಪ್ಪಾ ಮಾಡ್ಲಿ, ದುಡ್ಡು ಬರೋದು ಜಾಹೀರಾತಿಂದ. ಎಂಟು ನಿಮಿಷ ದಾಟಿಸು, ನಡುವೆ ಜಾಹೀರಾತು ಬರುತ್ತೆ.’ ನಿಯಮ ನಿಜ: 2020ರ ಜುಲೈನಿಂದ ಎಂಟು ನಿಮಿಷದ ವಿಡಿಯೊಗೂ ನಡುವೆ ಜಾಹೀರಾತು ಹಾಕಬಹುದು; ಅದಕ್ಕೆ ಮೊದಲು ಹತ್ತು ನಿಮಿಷ ಬೇಕಿತ್ತು. ನಾಡಿನ ಎಷ್ಟು ತೆಂಗಿನಕಾಯಿಗಳು ಈ ನಿಯಮದಿಂದಾಗಿ ಅಷ್ಟು ನಿಧಾನವಾಗಿ ತುರಿಯಲ್ಪಡುತ್ತಿವೆಯೋ! ಆದರೆ ನಡುವಿನ ಜಾಹೀರಾತನ್ನು ನೋಡುವವರು ನಡುವಿನವರೆಗೆ ಉಳಿದವರು ಮಾತ್ರ. ಐದನೇ ನಿಮಿಷಕ್ಕೆ ನೂರರಲ್ಲಿ ಇಪ್ಪತ್ತು ಜನ ಇದ್ದರೆ ಆ ಜಾಹೀರಾತಿಗೆ ಇಪ್ಪತ್ತೇ ಜನ. ತುರಿಯುವುದನ್ನು ಎಳೆದು ಅವರಲ್ಲಿ ಐವರನ್ನು ಓಡಿಸಿದರೆ ನಷ್ಟ ಅಕ್ಕನದೇ. ದುಡ್ಡಿನ ಪ್ರಶ್ನೆಗೂ ಉತ್ತರ ಅದೇ ಗೆರೆಯಲ್ಲಿದೆ.

‘ಕಾಸರಗೋಡಿನ ಭಟ್ ಎನ್ ಭಟ್ ಅವರಿಗೆ ಅಷ್ಟು ವ್ಯೂ ಬರುತ್ತೆ, ನಮಗ್ಯಾಕಿಲ್ಲ?’ ಅವರ ವ್ಯೂ ಲೋಕಕ್ಕೆಲ್ಲ ಕಾಣುತ್ತದೆ, ಯಾವ ಸೆಕೆಂಡಿಗೆ ಎಷ್ಟು ಜನ ಉಳಿದರು ಎಂಬುದು ಅವರ ಸ್ಟುಡಿಯೊದೊಳಗೆ ಮಾತ್ರ. ಕಾಣದ್ದರ ಜತೆ ಹೋಲಿಕೆ ಸಾಧ್ಯವಿಲ್ಲ. ಹೋಲಿಸಿಕೊಳ್ಳಬೇಕಾದ್ದು ಅಕ್ಕನ ಈ ಪತ್ರೊಡೆಯನ್ನು ಅವರದೇ ಹಿಂದಿನ ಕೊಟ್ಟೆ ಕಡುಬಿನ ಜತೆ.

ಮೂರನೆಯದು ಅಕ್ಕ ಬಾಯಿಬಿಟ್ಟು ಹೇಳದ ಆಕ್ಷೇಪ, ಮತ್ತು ಅದೇ ಎಲ್ಲಕ್ಕಿಂತ ಗಟ್ಟಿ: ಎಡಿಟ್ ಮಾಡಿದವನೇ ಎಡಿಟಿಂಗ್ ಹೇಗಿತ್ತು ಎಂದು ವರದಿ ಬರೆಯುವುದು, ಪರೀಕ್ಷೆ ಬರೆದ ಹುಡುಗನೇ ಪೇಪರು ತಿದ್ದಿದ ಹಾಗಲ್ಲವೇ? ಹೌದು, ಹಾಗೆಯೇ. ಇದಕ್ಕೆ ನನಗೆ ತೋಚುವ ಉಪಾಯ, ಗೆರೆಯ ಪ್ರತಿ ಇಳಿತದ ಪಕ್ಕ ಅದು ಕತ್ತರಿಯದೋ ಕ್ಯಾಮೆರಾದ್ದೋ ಅಡುಗೆಯದೋ ಎಂದು ಬರೆಯುವುದು, ಜೊತೆಗೆ ನಿಮಿಷ-ಸೆಕೆಂಡು ನಮೂದಿಸುವುದು. ಅಕ್ಕ ತಮ್ಮ ಫೋನಿನಲ್ಲೇ ಅಲ್ಲಿಗೆ ಹೋಗಿ ನೋಡಿ ‘ಇಲ್ಲಪ್ಪ, ಇದು ನಿಂದೇ’ ಎನ್ನಬಹುದು. ಬಿಲ್ಲನ್ನು ಮಾತ್ರ ಅದೇ ಈಮೇಲಿಗೆ ಅಂಟಿಸಬಾರದು. ಗುರುವಾರದ ಹೊತ್ತಿಗೆ, ಮುಂದಿನ ವಿಡಿಯೊದ ಶೂಟಿಂಗ್ ಮುಗಿದ ಮೇಲೆ, ಬೇರೆಯಾಗಿ ಕಳುಹಿಸುವುದು ಕ್ಷೇಮ.